ಆಫೀಸಿನಲ್ಲಿ ನಿದ್ದೆ ಬಗ್ಗೆ ಹತ್ತು ನಿಮಿಷ ಮಾತಾಡೋದು ಹೇಗೆ?

ನಿದ್ದೆ ಬಗ್ಗೆ ಆಫೀಸುಗಳಲ್ಲಿ ಆಗುವ ಭಾಷಣಗಳನ್ನು ನಾನು ಐದಾರು ಸಲ ಕೇಳಿದ್ದೇನೆ. ಎಲ್ಲವೂ ಒಂದೇ ಥರ ಕೆಡುತ್ತವೆ. ಮೊದಲ ಸ್ಲೈಡಿನಲ್ಲಿ ಮೆದುಳಿನ ಚಿತ್ರ, ಎರಡನೆಯದರಲ್ಲಿ ಚಂದ್ರ. ಮೂರನೆಯದು ಬರುವಷ್ಟರಲ್ಲಿ ಹಿಂದೆ ಕೂತವರು ಮೊಬೈಲ್ ತೆಗೆದಾಗಿರುತ್ತದೆ.

ಬೆಳಿಗ್ಗೆ 11ಕ್ಕೆ ಇಟ್ಟುಕೊಳ್ಳಿ. ಹತ್ತು ನಿಮಿಷ ಸಾಕು, ಸ್ಲೈಡ್ ಬೇಡ. ಊಟ ಆದಮೇಲಂತೂ ಬೇಡವೇ ಬೇಡ. ಮುದ್ದೆ ಉಂಡು ಬಂದವರಿಗೆ ನಿದ್ದೆ ಬಗ್ಗೆ ಹೇಳಿದರೆ, ಮಾಡಿಯೇ ತೋರಿಸುತ್ತಾರೆ.

ನಿಮ್ಮದೇ ಒಂದು ತಪ್ಪಿನಿಂದ ಶುರು ಮಾಡಿ. ನಾನು ಹೇಳುವುದು ಇದು: ತಿಂಗಳ ಕೊನೆ, ನಾಲ್ಕು ದಿನದಿಂದ ಸರಿಯಾಗಿ ಮಲಗಿರಲಿಲ್ಲ. ಒಂದೇ ಬಿಲ್ಲಿಗೆ ಎರಡು ಸಲ ಹಣ ಹಾಕಿದೆ. ಬಿಲ್ ನಂಬರ್ ಕಣ್ಣೆದುರೇ ಇತ್ತು. ಅದನ್ನು ಚೆಕ್ ಮಾಡಿ ಓಕೆ ಒತ್ತಿದ ಗೆಳತಿಯೂ ನನ್ನ ಜೊತೆಗೇ ರಾತ್ರಿಯೆಲ್ಲ ಕೂತಿದ್ದವಳು. ಒಬ್ಬರ ಕಣ್ಣಿಗೆ ತಪ್ಪಿದ್ದು ಇನ್ನೊಬ್ಬರಿಗೆ ಸಿಗಲಿ ಅಂತಲೇ ಎರಡನೇ ಸಹಿ ಇರುವುದು. ಇಬ್ಬರೂ ತೂಕಡಿಸುತ್ತಿದ್ದರೆ ಅದು ಬರೀ ಸಹಿ, ಅಷ್ಟೇ.

ಈಗ ಕಷ್ಟದ ಘಟ್ಟ. ಯಾರಾದರೂ ಒಬ್ಬರು "ಸರ್, ನನಗೆ ಆರು ಗಂಟೆ ಸಾಕು, ಅಭ್ಯಾಸ ಆಗಿದೆ" ಅಂದೇ ಅನ್ನುತ್ತಾರೆ. ಬಹಳ ಜನ ಮುಗ್ಗರಿಸುವುದು ಇಲ್ಲೇ. "ಇಲ್ಲ, ಎಂಟು ಗಂಟೆ ಬೇಕು" ಎಂದು ವಾದಕ್ಕೆ ಇಳಿಯುತ್ತಾರೆ. ವಾದ ಮಾಡಬೇಡಿ, 2003ರ ಒಂದು ಪ್ರಯೋಗದ ಕಥೆ ಹೇಳಿ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಹ್ಯಾನ್ಸ್ ವ್ಯಾನ್ ಡಾಂಗೆನ್ ಮತ್ತು ಜೊತೆಗಾರರು ಆರೋಗ್ಯವಂತರನ್ನು ಗುಂಪು ಮಾಡಿ, 14 ರಾತ್ರಿ ಕೆಲವರಿಗೆ 4 ಗಂಟೆ, ಕೆಲವರಿಗೆ 6, ಕೆಲವರಿಗೆ 8 ಗಂಟೆ ಮಾತ್ರ ಹಾಸಿಗೆಯಲ್ಲಿರಲು ಬಿಟ್ಟರು. ಎಚ್ಚರ ಇದ್ದಾಗ ಒಂದು ಪರೀಕ್ಷೆ: ಪರದೆಯ ಮೇಲೆ ಸಂಖ್ಯೆ ಓಡಲು ಶುರುವಾದ ತಕ್ಷಣ ಗುಂಡಿ ಒತ್ತಬೇಕು. ಹತ್ತು ನಿಮಿಷ ಬರೀ ಅದೇ. ಅರ್ಧ ಸೆಕೆಂಡ್ ದಾಟಿದರೆ ಮನಸ್ಸು ಒಂದು ಕ್ಷಣ ಕೈಕೊಟ್ಟಿತು ಅಂತ ಲೆಕ್ಕ.

ಆರು ಗಂಟೆಯವರ ಇಂಥ ತಪ್ಪುಗಳು ದಿನದಿನಕ್ಕೆ ಏರುತ್ತಾ ಹೋದವು. ಕೊನೆಗೆ ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಬಂದವು. ಆದರೆ "ನಿದ್ದೆ ಬರ್ತಿದೆಯಾ?" ಎಂದು ಕೇಳಿದರೆ, ಮೊದಲ ಕೆಲವು ದಿನ ಬಿಟ್ಟರೆ, ಅವರ ಉತ್ತರ ಹೆಚ್ಚೇನೂ ಬದಲಾಗಲಿಲ್ಲ. ಅಭ್ಯಾಸ ಆಗಿದ್ದು ತೂಕಡಿಕೆ, ಕೆಲಸ ಅಲ್ಲ. ಇಷ್ಟು ಹೇಳಿ ಸ್ವಲ್ಪ ಹೊತ್ತು ಸುಮ್ನಿರಿ.

ಯಾರು ಎಷ್ಟು ಚುರುಕು ಅಂತ ತೋರಿಸಲು ಸ್ಕೇಲ್ ಬೀಳಿಸಿ ಹಿಡಿಯುವ ಆಟ ಆಡಿಸಬೇಡಿ. ನಿದ್ದೆಗೆಟ್ಟವರೂ ಒಂದೆರಡು ನಿಮಿಷ ಹುರುಪಿನಿಂದ ಹಿಡಿದುಬಿಡುತ್ತಾರೆ, ನಿಮ್ಮ ಮಾತು ಅಲ್ಲಿಗೆ ಮುಗಿಯಿತು. ಮನಸ್ಸು ಜಾರುವುದು ಬೇಸರದ, ಉದ್ದದ ಕೆಲಸದಲ್ಲಿ: ಎಕ್ಸೆಲ್‌ನ ಮುನ್ನೂರನೇ ಸಾಲಿನಲ್ಲಿ. ನಿದ್ದೆಗೆ ಅಂಕ ಕೊಡುವ ವಾಚನ್ನೂ ತೋರಿಸಲು ಹೋಗಬೇಡಿ. ಮಲಗಿದ ಹೊತ್ತನ್ನು ಅವು ತಕ್ಕಮಟ್ಟಿಗೆ ಹೇಳುತ್ತವೆ, ಗಾಢ ನಿದ್ದೆ ಎಷ್ಟು ಎಂಬುದು ಬಹುಪಾಲು ಅಂದಾಜು.

ಉಳಿದದ್ದು ಕ್ಯಾಲೆಂಡರ್. "ಬೇಗ ಮಲಗಿ" ಅನ್ನಬೇಡಿ, ಬೋರ್ಡಿನ ಮೇಲೆ ಲೆಕ್ಕ ಹಾಕಿ. ಸ್ಯಾನ್ ಫ್ರಾನ್ಸಿಸ್ಕೊದ ಬೆಳಿಗ್ಗೆ 9ರ ಕಾಲ್ ನಮಗೆ ಬೇಸಿಗೆಯಲ್ಲಿ ರಾತ್ರಿ 9.30. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಅದೇ ಕಾಲ್ 10.30. ಮುಗಿದಾಗ 11. ತಲೆ ತಣ್ಣಗಾಗಿ ಮಲಗುವಾಗ 12. ಕ್ಯಾಬ್ 6.30ಕ್ಕೆ, ಏಳುವುದು 5.30ಕ್ಕೆ. ಉಳಿದಿದ್ದು ಐದೂವರೆ ಗಂಟೆ. ಇದರಲ್ಲಿ ಯಾರ ಸೋಮಾರಿತನವೂ ಇಲ್ಲ ಅಲ್ವಾ?

ನವೆಂಬರ್ ಬಂದಾಗ ಕಾಲನ್ನು ಅವರ 8 ಗಂಟೆಗೆ ಸರಿಸಲು ಕೇಳಿ, ನಮಗೆ ಮತ್ತೆ 9.30 ಆಗುತ್ತದೆ. ಇಲ್ಲವೇ ವಾರ ಬಿಟ್ಟು ವಾರ ಅವರು ಸಂಜೆ 6ಕ್ಕೆ ಕೂರಲಿ, ನಮಗೆ ಮರುದಿನ ಬೆಳಿಗ್ಗೆ 7.30. ರಾತ್ರಿ ಒಂಬತ್ತರ ಮೇಲೆ ಯಾವ ಪೇಮೆಂಟಿಗೂ ಓಕೆ ಒತ್ತಬಾರದು. ತಡರಾತ್ರಿ ಕೂತವರ ಕೆಲಸವನ್ನು ಅವತ್ತು ಮಲಗಿದ್ದವರೇ ನೋಡಬೇಕು. ನಾನು ಇವೆರಡರಲ್ಲಿ ರಾಜಿ ಮಾಡಿಕೊಳ್ಳುವುದಿಲ್ಲ.

ಕಾಫಿ ಬಗ್ಗೆ ಒಂದೇ ಮಾತು: ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆ ಆದಮೇಲೂ ಮೈಯಲ್ಲೇ ಇರುತ್ತದೆ. ಸಂಜೆ 6ರ ಫಿಲ್ಟರ್ ಕಾಫಿ ರಾತ್ರಿ 11ಕ್ಕೂ ಕೆಲಸ ಮಾಡುತ್ತಿರುತ್ತದೆ.

ಕೊನೆಗೆ ಒಬ್ಬರು ಬಾಗಿಲ ಹತ್ತಿರ ಬಂದು "ಎಂಟು ಗಂಟೆ ಮಲಗಿದರೂ ಹಗಲು ತೂಕಡಿಕೆ ಬರ್ತದೆ, ಗೊರಕೆ ಜಾಸ್ತಿ ಅಂತ ಮನೆಯವರು ಹೇಳ್ತಾರೆ" ಅಂದರೆ, ಸಲಹೆ ಕೊಡಲು ಹೋಗಬೇಡಿ. ಅದು ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು. ಕ್ಯಾಲೆಂಡರಿಗೆ ಅಲ್ಲ, ಡಾಕ್ಟರ ಹತ್ತಿರ ಕಳಿಸಿ.