ದಿನಸಿ ಆರ್ಡರ್‌ನಲ್ಲಿ ಸಾಮಾನು ಕಮ್ಮಿ, ಪನೀರ್ ತಾರೀಖು ಮುಗಿದಿದೆ: 306 ರೂಪಾಯಿ ವಾಪಸ್ ಪಡೆದ ಬಗೆ

ಮೈಸೂರಿನ ಕುವೆಂಪುನಗರದ ಮನೆಗೆ 14ನೇ ತಾರೀಖು ಸಂಜೆ ಆ್ಯಪ್‌ನಲ್ಲಿ ತರಿಸಿದ ಸಾಮಾನು ಇಷ್ಟು: ದೋಸೆ ಹಿಟ್ಟು 80, ಮೊಸರು ಎರಡು ಪ್ಯಾಕೆಟ್ 60, ತೊಗರಿಬೇಳೆ 170, ಬ್ರೆಡ್ 50, ಪನೀರ್ 90, ಕಡಲೆಹಿಟ್ಟು 60, ಟೊಮೆಟೊ 40. ಒಟ್ಟು 550 ರೂಪಾಯಿ. ಕೂಪನ್‌ನಲ್ಲಿ 55 ಕಳೆದು, ಹ್ಯಾಂಡ್ಲಿಂಗ್ ಚಾರ್ಜ್ 10 ಸೇರಿ ಕಟ್ಟಿದ್ದು 505. ಚೀಲ ಬಿಚ್ಚಿದರೆ ಬೇಳೆ ಇಲ್ಲ, ಮೊಸರು ಒಂದೇ ಇದೆ. ಪನೀರ್, ಬ್ರೆಡ್ ಎರಡರ ತಾರೀಖೂ ಮುಗಿದಿದೆ.

ದೂರು ಕೊಡುವ ಮೊದಲು ಆ್ಯಪ್‌ನ ಕೊನೆಯ ಬಿಲ್ ತೆರೆದು ನೋಡಿದೆ. ಸ್ಟಾಕ್ ಇಲ್ಲದ ಸಾಮಾನನ್ನು ಅವರೇ ಬಿಲ್‌ನಿಂದ ತೆಗೆದು ದುಡ್ಡು ವಾಪಸ್ ಹಾಕಿರುವುದುಂಟು. ಇಲ್ಲಿ ಬೇಳೆ, ಮೊಸರು ಎರಡೂ ಬಿಲ್‌ನಲ್ಲಿದ್ದವು. ಆರ್ಡರ್ ಎರಡು ಚೀಲದಲ್ಲಿ ಬರಬೇಕಿತ್ತೇ ಎಂದು ತಂದುಕೊಟ್ಟ ಹುಡುಗನನ್ನೂ ಕೇಳಿದೆ, ಒಂದೇ ಎಂದ. ಚೀಲ ಕಟ್ಟುವುದು ಗೋಡೌನ್‌ನಲ್ಲಿ, ಬಾಯಿಗೆ ಅಂಟಿಸಿದ ಸ್ಟಿಕರ್ ಹರಿದಿರಲಿಲ್ಲ. ಹಾಗಾಗಿ ತಪ್ಪು ಅವನದಲ್ಲ, ಬೈದು ಪ್ರಯೋಜನವೂ ಇಲ್ಲ.

ಫೋಟೊ ಮೂರು ಸಾಕು, ಆದರೆ ಮೂರೂ ಬೇರೆ ಬೇರೆ ವಿಷಯ ಹೇಳಬೇಕು. ಮೊದಲನೆಯದರಲ್ಲಿ ಬಂದ ಸಾಮಾನನ್ನೆಲ್ಲ ನೆಲದ ಮೇಲೆ ಹರಡಿ, ಪಕ್ಕದಲ್ಲಿ ಆರ್ಡರ್ ನಂಬರ್ ಇರುವ ಚೀಲ ಇಟ್ಟೆ. ಇಲ್ಲದ ಸಾಮಾನಿಗೆ ಸಾಕ್ಷಿ ಎಂದರೆ ಬಂದದ್ದರ ಪೂರ್ತಿ ಲೆಕ್ಕವೇ. ಎರಡನೆಯದು ಪನೀರ್. ಯೂಸ್ ಬೈ 12 ಎಂದು ಅಂಚಿನಲ್ಲಿ ಚುಕ್ಕಿ ಅಕ್ಷರದಲ್ಲಿತ್ತು. ಫ್ಲಾಶ್ ಹಾಕಿದರೆ ಪ್ಲಾಸ್ಟಿಕ್ ಹೊಳೆದು ಅಂಕಿ ಅಳಿಸಿಹೋಗುತ್ತದೆ. ಫ್ಲಾಶ್ ಆರಿಸಿ, ಪ್ಯಾಕೆಟ್‌ನ ನೀರು ಒರೆಸಿ, ಸುಕ್ಕನ್ನು ಬೆರಳಲ್ಲಿ ಎಳೆದು ಹಿಡಿದು, ಓರೆಯಾಗಿ ತೆಗೆದೆ. ಬ್ಯಾಚ್ ನಂಬರ್ ಕೂಡ ಅದೇ ಚಿತ್ರದಲ್ಲಿ ಬಂತು.

ಮೂರನೆಯ ಫೋಟೊ ಬ್ರೆಡ್. ದೂರು ಬಿದ್ದುಹೋಗುವುದು ಇಂಥ ಸಾಮಾನಿನಲ್ಲೇ. ಬ್ರೆಡ್ ಕವರ್ ಮೇಲೆ ಮುಗಿಯುವ ತಾರೀಖು ನೇರವಾಗಿ ಇರಲಿಲ್ಲ. ‘ಪ್ಯಾಕ್ ಆದ ದಿನದಿಂದ 5 ದಿನದೊಳಗೆ ಬಳಸಿ’ ಎಂಬ ಸಾಲು ಹಿಂದೆ, ಪ್ಯಾಕ್ ಆದ 7ನೇ ತಾರೀಖಿನ ಮುದ್ರೆ ಕವರ್‌ನ ಬಾಯಿಯ ಹತ್ತಿರ. ಬರೀ ಮುದ್ರೆಯ ಫೋಟೊ ಕಳಿಸಿದರೆ ನೋಡುವವರಿಗೆ ಅದು ತಯಾರಾದ ದಿನವಷ್ಟೆ. ಕವರ್ ಮಡಚಿ ಎರಡನ್ನೂ ಒಂದೇ ಚಿತ್ರದಲ್ಲಿ ತಂದೆ. ಪ್ಯಾಕೆಟ್ ಮೇಲೆ ಬೆಸ್ಟ್ ಬಿಫೋರ್ ಮಾತ್ರ ಇದ್ದರೆ ‘ಎಕ್ಸ್‌ಪೈರ್ ಆಗಿದೆ’ ಎಂದು ಬರೆಯಬಾರದು, ‘ಬೆಸ್ಟ್ ಬಿಫೋರ್ ದಾಟಿದೆ’ ಎಂದೇ ಬರೆಯಬೇಕು. ಅದು ಗುಣಮಟ್ಟದ ಗಡುವು, ಯೂಸ್ ಬೈ ಬಳಕೆಯ ಗಡುವು.

ಮೊತ್ತವನ್ನು ನಾವೇ ಲೆಕ್ಕ ಹಾಕಬೇಕು. ಬೇಳೆ 170, ಮೊಸರು 30, ಪನೀರ್ 90, ಬ್ರೆಡ್ 50 ಸೇರಿ 340. ಕೂಪನ್ 55 ಎಂದರೆ 550ಕ್ಕೆ ಶೇಕಡಾ 10. ಆ ರಿಯಾಯಿತಿ ಎಲ್ಲ ಸಾಮಾನಿಗೂ ಹಂಚಿಹೋಗಿರುತ್ತದೆ. 34 ಕಳೆದರೆ 306. ಪೂರ್ತಿ 340 ಕೇಳಿದ್ದರೆ ಮೊತ್ತ ತಾಳೆಯಾಗುವುದಿಲ್ಲ ಎಂದು ದೂರು ಅಲ್ಲೇ ನಿಲ್ಲುತ್ತಿತ್ತು.

ಬರೆದದ್ದು ಇಷ್ಟೇ:

“14ರ ಸಂಜೆ ಬಂದ ಆರ್ಡರ್‌ನಲ್ಲಿ ತೊಗರಿಬೇಳೆ 1 ಕೆಜಿ, ಮೊಸರು 1 ಪ್ಯಾಕೆಟ್ ಬಂದಿಲ್ಲ (ಫೋಟೊ 1). ಪನೀರ್ ಯೂಸ್ ಬೈ 12ಕ್ಕೆ ಮುಗಿದಿದೆ (ಫೋಟೊ 2). ಬ್ರೆಡ್ 7ಕ್ಕೆ ಪ್ಯಾಕ್ ಆಗಿದ್ದು, 5 ದಿನದ ಗಡುವು ದಾಟಿದೆ (ಫೋಟೊ 3). ಕೂಪನ್ ಕಳೆದು ಬರಬೇಕಾದ ಮೊತ್ತ 306 ರೂಪಾಯಿ. ವ್ಯಾಲೆಟ್‌ಗೆ ಬೇಡ, ಕಟ್ಟಿದ ಖಾತೆಗೇ ಹಾಕಿ.”

ಇದನ್ನು ಆ್ಯಪ್‌ನಲ್ಲಿ ‘ಸಾಮಾನು ಬಂದಿಲ್ಲ’ ಎಂಬ ಒಂದೇ ಕಾರಣದ ಕೆಳಗೆ ಹಾಕಿದ್ದು ನನ್ನ ತಪ್ಪು. ಬೇಳೆ, ಮೊಸರಿನ 180 ಮಾತ್ರ ಮಂಜೂರಾಗಿ ದೂರು ಮುಚ್ಚಿತು. ಪನೀರ್, ಬ್ರೆಡ್‌ಗೆ ತಾರೀಖಿನ ಕಾರಣ ಆರಿಸಿ ಬೇರೆ ದೂರು ಹಾಕಬೇಕಿತ್ತು. ಹಾಗೆ ಹಾಕಿ, ಹಳೆಯ ದೂರಿನ ನಂಬರ್ ಕಾಣಿಸಿ ಉಳಿದ 126 ಕೇಳಿದೆ. ಚಾಟ್‌ನಲ್ಲಿ ಮತ್ತೆ ಅದೇ ಸಿದ್ಧ ಉತ್ತರ ಬಂದಾಗ, ಆ್ಯಪ್‌ನಲ್ಲೇ ವಿಳಾಸ ಇರುವ ಕುಂದುಕೊರತೆ ಅಧಿಕಾರಿಗೆ ಮೂರೂ ಫೋಟೊ, ಬಿಲ್, ಚಾಟ್‌ನ ಸ್ಕ್ರೀನ್‌ಶಾಟ್ ಸೇರಿಸಿ ಇಮೇಲ್ ಮಾಡಿದೆ. 2020ರ ಇ-ಕಾಮರ್ಸ್ ನಿಯಮದಂತೆ ದೂರು ತಲುಪಿತೆಂದು ಅವರು 48 ಗಂಟೆಯಲ್ಲಿ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಅದೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಇದೇ ಕಡತ ಸಾಕಾಗುತ್ತದೆ. ನನಗೆ ಅಲ್ಲಿಗೆ ಹೋಗುವ ಪ್ರಮೇಯ ಬರಲಿಲ್ಲ. ಇಮೇಲ್‌ಗೆ ಉತ್ತರವಾಗಿ 126 ಮಂಜೂರಾಯಿತು.

‘ರೀಫಂಡ್ ಆಗಿದೆ’ ಎಂಬ ಸಂದೇಶವನ್ನೇ ನಂಬದೆ ಅವರಿಂದ ವ್ಯವಹಾರದ ರೆಫರೆನ್ಸ್ ನಂಬರ್ ಪಡೆದು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಹುಡುಕಿದೆ. 180 ಮತ್ತು 126 ಎರಡು ಸಾಲಾಗಿ ಜಮಾ ಆಗಿದ್ದವು. ಪನೀರ್, ಬ್ರೆಡ್ ಕಸಕ್ಕೆ ಹೋದದ್ದು ಅದನ್ನು ನೋಡಿದ ಮೇಲೆಯೇ, ಯಾಕೆಂದರೆ ಅಲ್ಲಿಯವರೆಗೆ ಅವರು ಪ್ಯಾಕೆಟ್ ವಾಪಸ್ ಕೇಳಬಹುದಿತ್ತು.