ಬೇರೆ ಬೇರೆ ಬೆಳಕಿನ ಸಸಿಗಳ ಫೋಟೊ: ಹೋಲಿಕೆ ನ್ಯಾಯವಾಗಿರಲು ನಾನು ಮಾಡಿದ್ದು

ಕೆಂಪು ದೀಪದ ಕೆಳಗೆ ಮೂಲಂಗಿ ಸಸಿ ಗಿಡ್ಡಗೆ ದಪ್ಪಗೆ ಬರುತ್ತದೆ, ಬಿಳಿ ದೀಪದ ಕೆಳಗೆ ಸೊರಗಿ ಉದ್ದವಾಗುತ್ತದೆ ಎಂದು ನಾನು ಒಂದು ತಿಂಗಳು ನಂಬಿದ್ದೆ. ಟೈಮ್‌ಲ್ಯಾಪ್ಸ್ ಫೋಟೊಗಳೂ ಹಾಗೆಯೇ ತೋರಿಸುತ್ತಿದ್ದವು. ಆಮೇಲೆ ಗೊತ್ತಾಯಿತು, ತಪ್ಪು ದೀಪಗಳನ್ನು ಸರಿದೂಗಿಸಿದ ರೀತಿಯಲ್ಲೇ ಇತ್ತು. ಎಲ್ಲ ದೀಪಗಳ ಬೆಳಕು ಸಮ ಇರಲಿ ಎಂದು ಲಕ್ಸ್ ಮೀಟರ್ ಹಿಡಿದು, ಪ್ರತಿ ಖಾನೆಯಲ್ಲೂ 750 ಲಕ್ಸ್ ಬರುವಂತೆ ಮಾಡಿದ್ದೆ. ಲಕ್ಸ್ ಮೀಟರ್ ಬೆಳಕನ್ನು ಅಳೆಯುವುದು ಮನುಷ್ಯನ ಕಣ್ಣಿನ ಲೆಕ್ಕದಲ್ಲಿ. ನಮ್ಮ ಕಣ್ಣು ಹಸಿರಿಗೆ ತುಂಬ ಚುರುಕು, 660 ನ್ಯಾನೊಮೀಟರ್‌ನ ಗಾಢ ಕೆಂಪಿಗೂ 450 ನ್ಯಾನೊಮೀಟರ್‌ನ ನೀಲಿಗೂ ತೀರ ಮಂದ. ಸಸಿ ಲೆಕ್ಕವಿಡುವುದು ಬೆಳಕಿನ ಕಣಗಳಾದ ಫೋಟಾನ್‌ಗಳನ್ನು. ಒಂದು ಚದರ ಮೀಟರಿಗೆ ಸೆಕೆಂಡಿಗೆ 100 ಮೈಕ್ರೋಮೋಲ್ ಫೋಟಾನ್ ಬೀಳುವಾಗ ಬಿಳಿ ಎಲ್‌ಇಡಿ ಲಕ್ಸ್ ಮೀಟರಿನಲ್ಲಿ ಸುಮಾರು 7000 ತೋರಿಸುತ್ತದೆ, ಆ ಕೆಂಪು ಸುಮಾರು 750 ತೋರಿಸುತ್ತದೆ. ಅಂದರೆ ನಾನು ಬಿಳಿ ಖಾನೆಗೆ ಕೆಂಪಿನ ಒಂಬತ್ತನೇ ಒಂದು ಪಾಲಿನಷ್ಟು ಬೆಳಕು ಮಾತ್ರ ಕೊಟ್ಟಿದ್ದೆ. ಬಿಳಿ ಖಾನೆಯ ಸಸಿಗಳು ಕತ್ತಲೆಯಲ್ಲಿ ಬೆಳಕು ಹುಡುಕಿಕೊಂಡು ಉದ್ದವಾಗಿದ್ದವು.

ಎರಡನೇ ಸಲ ಫೋಟಾನ್ ಅಳೆಯುವ ಪಾರ್ ಮೀಟರ್ ಎರವಲು ತಂದೆ. ಸಸಿಯ ತುದಿ ಇರುವ ಎತ್ತರದಲ್ಲಿ, ಖಾನೆಯ ಐದು ಜಾಗಗಳಲ್ಲಿ ಅಳೆದು, ನಾಲ್ಕೂ ದೀಪಗಳನ್ನು 100 ಮೈಕ್ರೋಮೋಲ್‌ಗೆ ತಂದೆ: ಬಿಳಿ, ಕೆಂಪು, ನೀಲಿ, ಮತ್ತು 80 ಪಾಲು ಕೆಂಪಿಗೆ 20 ಪಾಲು ನೀಲಿ ಸೇರಿಸಿದ ಮಿಶ್ರಣ. ದಿನಕ್ಕೆ 16 ಗಂಟೆ ಬೆಳಕು, 8 ಗಂಟೆ ಕತ್ತಲೆ. ಹೋಲಿಕೆಯ ನಿಜವಾದ ಕಷ್ಟ ಶುರುವಾದದ್ದು ಇದಾದ ಮೇಲೆ, ಫೋಟೊಗಳಲ್ಲಿ.

ಕೆಂಪು ಬೆಳಕಿನಲ್ಲೇ ತೆಗೆದ ಫೋಟೊದಲ್ಲಿ ಹಸಿರು ಎಲೆ ಹೆಚ್ಚುಕಡಿಮೆ ಕಪ್ಪಾಗಿ ಕಾಣುತ್ತದೆ, ಏಕೆಂದರೆ ಎಲೆ ಆ ಕೆಂಪನ್ನು ನುಂಗಿಬಿಡುತ್ತದೆ. ಕ್ಯಾಮೆರಾ ಆಟೊದಲ್ಲಿದ್ದರೆ ಇನ್ನೂ ಕೆಟ್ಟದ್ದು. ಪ್ರತಿ ಫ್ರೇಮಿಗೂ ಅದು ಎಕ್ಸ್‌ಪೋಷರನ್ನೂ ವೈಟ್ ಬ್ಯಾಲೆನ್ಸನ್ನೂ ತಾನೇ ತಿದ್ದುತ್ತದೆ. ಸಸಿ ದೊಡ್ಡದಾಗಿ ಫ್ರೇಮ್ ತುಂಬಿದಂತೆ ಹಿನ್ನೆಲೆ ಬೆಳ್ಳಗಾಗುತ್ತಲೋ ಕಪ್ಪಾಗುತ್ತಲೋ ಹೋಗುತ್ತದೆ. ಅಂಥ ಎರಡು ಫೋಟೊ ಪಕ್ಕಪಕ್ಕ ಇಟ್ಟು 'ಯಾವುದು ಹೆಚ್ಚು ಹಸಿರು' ಎಂದು ಕೇಳಿದರೆ ಉತ್ತರ ಬರುವುದು ಕ್ಯಾಮೆರಾದ ಬಗ್ಗೆ.

ಆದ್ದರಿಂದ ಪ್ರತಿ ಖಾನೆಯ ಚಾವಣಿಗೆ ಒಂದೇ ಮಾದರಿಯ ಬಿಳಿ ಎಲ್‌ಇಡಿ ಪಟ್ಟಿ ಅಂಟಿಸಿದೆ. ಅರ್ಧ ಗಂಟೆಗೊಮ್ಮೆ ಬಣ್ಣದ ದೀಪ ಆರಿ, ಬಿಳಿ ಪಟ್ಟಿ ಎರಡು ಸೆಕೆಂಡು ಹೊತ್ತಿ, ಫೋಟೊ ಆಗಿ, ಮತ್ತೆ ಬಣ್ಣದ ದೀಪ ಬರುತ್ತಿತ್ತು. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರನ್ನೂ ಕೈಯಾರೆ ಹೊಂದಿಸಿ ಹತ್ತು ದಿನ ಮುಟ್ಟಲಿಲ್ಲ. ಫ್ರೇಮಿನ ಒಂದು ಮೂಲೆಯಲ್ಲಿ ಬೂದು ಕಾರ್ಡು, ಹಿಂದೆ ಸ್ಕೇಲ್ ಅಂಟಿಸಿದ ಹೊಳಪಿಲ್ಲದ ಕಪ್ಪು ಹಲಗೆ. ಬೂದು ಕಾರ್ಡಿನ ಮೌಲ್ಯ ಎಲ್ಲ ಫೋಟೊಗಳಲ್ಲೂ ಒಂದೇ ಬರುತ್ತಿದೆಯೇ ಎಂದು ದಿನವೂ ನೋಡುತ್ತಿದ್ದೆ. ಒಂದು ಖಾನೆಯಲ್ಲಿ ಅದು ನಿಧಾನವಾಗಿ ಇಳಿಯುತ್ತಿತ್ತು. ತೆಗೆದು ನೋಡಿದರೆ ಲೆನ್ಸಿನ ಮೇಲೆ ತೆಳ್ಳಗೆ ಹಬೆ ಕಟ್ಟಿತ್ತು. ಕಾರ್ಡು ಇಲ್ಲದಿದ್ದರೆ ಆ ಸಸಿಗಳು ಬಿಳಿಚಿಕೊಂಡಿವೆ ಎಂದು ಬರೆದುಕೊಳ್ಳುತ್ತಿದ್ದೆ.

ಫೋಟೊಗೆ ಹಾಕುವ ಬಿಳಿ ಬೆಳಕೂ ಸಸಿಗೆ ಬೆಳಕೇ. ಅರ್ಧ ಗಂಟೆಯಲ್ಲಿ ಎರಡು ಸೆಕೆಂಡು ಎಂದರೆ ಒಂಬೈನೂರರಲ್ಲಿ ಒಂದು ಪಾಲು, ಹಗಲಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ, ಎಲ್ಲ ಖಾನೆಗೂ ಸಮವಾಗಿಯೂ ಇರುತ್ತದೆ. ರಾತ್ರಿಯ ಮಾತು ಬೇರೆ. ಸಸಿಯಲ್ಲಿ ಬೆಳಕನ್ನು ಗ್ರಹಿಸುವ ಫೈಟೋಕ್ರೋಮ್ ಎಂಬ ಪ್ರೋಟೀನು ಕತ್ತಲೆಯಲ್ಲಿ ಕ್ಷಣಕಾಲದ ಬೆಳಕಿಗೂ ಸ್ಪಂದಿಸುತ್ತದೆ. ಹಾಗಾಗಿ ರಾತ್ರಿ ಒಂದು ಫೋಟೊವನ್ನೂ ತೆಗೆಯಲಿಲ್ಲ. ವಿಡಿಯೊ ಮಧ್ಯೆ ಮಧ್ಯೆ ಜಿಗಿಯುತ್ತದೆ, ಜಿಗಿಯಲಿ. ಪೂರ್ತಿ ಕತ್ತಲೆಯ ಖಾನೆಯನ್ನೂ ಹೋಲಿಕೆಗೆ ಸೇರಿಸುವುದಾದರೆ 940 ನ್ಯಾನೊಮೀಟರ್ ಇನ್ಫ್ರಾರೆಡ್ ದೀಪ ಮತ್ತು ಇನ್ಫ್ರಾರೆಡ್ ಫಿಲ್ಟರ್ ತೆಗೆದ ಕ್ಯಾಮೆರಾ ಬೇಕು, ಮತ್ತು ಆಗ ಉಳಿದ ಖಾನೆಗಳ ಫೋಟೊಗಳನ್ನೂ ಅದೇ ದೀಪದಲ್ಲಿ ತೆಗೆಯಬೇಕು.

ಕ್ಯಾಮೆರಾವನ್ನು ಪಕ್ಕದಿಂದ ಇಟ್ಟೆ. ಮೇಲಿನಿಂದ ತೆಗೆದರೆ ಉದ್ದ ಬೆಳೆದ ಸಸಿ ಲೆನ್ಸಿಗೆ ಹತ್ತಿರವಾಗಿ, ಅದರ ಎಲೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನಾನು ಹೋಲಿಸಬೇಕಾದದ್ದೇ ಉದ್ದವಾದಾಗ, ಉದ್ದವಾದದ್ದಕ್ಕೆ ಪುಕ್ಕಟೆ ಅಂಕ ಕೊಟ್ಟಂತೆ ಆಗುತ್ತಿತ್ತು. ಪ್ರತಿ ಖಾನೆಯಲ್ಲಿ ಐದು ಸಸಿ, ಲೆನ್ಸಿನಿಂದ ಒಂದೇ ದೂರದಲ್ಲಿ ಒಂದೇ ಸಾಲಿನಲ್ಲಿ.

ಇನ್ನು ವಯಸ್ಸಿನ ವಿಷಯ. ಬಿತ್ತಿದ ದಿನದಿಂದ ಎಣಿಸಿದರೆ ಒಂದೇ ಖಾನೆಯಲ್ಲೇ ಒಂದು ಬೀಜ ಇನ್ನೊಂದಕ್ಕಿಂತ ಮುಕ್ಕಾಲು ದಿನ ತಡವಾಗಿ ಮೇಲೆ ಬರುವುದು ಸಾಮಾನ್ಯ. ಐದನೇ ದಿನದ ಸಸಿಗೆ ಮುಕ್ಕಾಲು ದಿನ ಎಂದರೆ ಕಣ್ಣಿಗೆ ಕಾಣುವ ವ್ಯತ್ಯಾಸ. ಟೈಮ್‌ಲ್ಯಾಪ್ಸ್ ಇರುವುದರಿಂದ ಇದಕ್ಕೆ ಪರಿಹಾರವೂ ಫೋಟೊದಲ್ಲೇ ಸಿಗುತ್ತದೆ. ಎರಡೂ ಬೀಜದೆಲೆಗಳು ಮಣ್ಣಿನಿಂದ ಪೂರ್ತಿ ಹೊರಬಂದ ಮೊದಲ ಫ್ರೇಮನ್ನು ಪ್ರತಿ ಸಸಿಗೂ ಸೊನ್ನೆ ಗಂಟೆ ಎಂದು ಗುರುತು ಹಾಕಿದೆ. ರಾತ್ರಿ ಮೇಲೆ ಬಂದ ಸಸಿಗೆ ರಾತ್ರಿಯ ನಡುವಿನ ಹೊತ್ತನ್ನು ಹಾಕಿದೆ. ಅಲ್ಲಿ ಹೆಚ್ಚೆಂದರೆ ನಾಲ್ಕು ಗಂಟೆ ತಪ್ಪಬಹುದು. ಆದರೆ ಇದರಲ್ಲಿ ಒಂದು ಬಲೆ ಇದೆ. ಬೀಜ ಮೇಲೆ ಬರುವ ವೇಗವನ್ನೇ ಬೆಳಕು ಬದಲಿಸುತ್ತಿದ್ದರೆ, ಹೀಗೆ ವಯಸ್ಸು ಹೊಂದಿಸಿದಾಗ ಆ ವ್ಯತ್ಯಾಸ ಅಳಿಸಿಹೋಗುತ್ತದೆ. ಅದಕ್ಕೇ ಯಾವ ಖಾನೆಯಲ್ಲಿ ಎಷ್ಟು ಗಂಟೆಗೆ ಮೇಲೆ ಬಂತು ಎಂಬುದನ್ನು ಬೇರೆ ಪಟ್ಟಿಯಲ್ಲಿ ಬರೆದಿಟ್ಟೆ.

120ನೇ ಗಂಟೆಯ ಫೋಟೊ ತೆಗೆದುಕೊಂಡರೆ ಆಯಿತಲ್ಲ ಎಂದುಕೊಂಡಿದ್ದೆ. ಹಾಗೆ ಆರಿಸಿದ ಫೋಟೊಗಳಲ್ಲಿ ಕೆಲವು ದೀಪ ಹೊತ್ತಿದ ಕೂಡಲೇ ತೆಗೆದವು, ಕೆಲವು ನಡುಹಗಲಿನವು. ಬೀಜದೆಲೆಗಳು ದಿನವಿಡೀ ಒಂದೇ ಕೋನದಲ್ಲಿ ಇರುವುದಿಲ್ಲ. ದೀಪ ಹೊತ್ತಿದಾಗ ಮೇಲಕ್ಕೆ ಎದ್ದಿದ್ದ ಎಲೆಗಳು ಕೆಲವು ಗಂಟೆಗಳಲ್ಲಿ ಅಗಲವಾಗಿ ಹರಡಿಕೊಳ್ಳುತ್ತವೆ. ಒಂದೇ ಸಸಿಯ ಬೆಳಗಿನ ಮತ್ತು ಮಧ್ಯಾಹ್ನದ ಎರಡು ಫೋಟೊ ಕೊಟ್ಟರೆ, ಮಧ್ಯಾಹ್ನದ್ದು ಬೇರೆ ಸಸಿ, ಇನ್ನೂ ಚೆನ್ನಾಗಿದೆ ಎಂದು ಯಾರಾದರೂ ಹೇಳುತ್ತಾರೆ. ಕೊನೆಗೆ ದೀಪ ಹೊತ್ತಿ ಎಂಟು ಗಂಟೆ ಆದಾಗಿನ ಫೋಟೊಗಳನ್ನು ಮಾತ್ರ ಇಟ್ಟುಕೊಂಡೆ. ಅವುಗಳಲ್ಲಿ 120ನೇ ಗಂಟೆಗೆ ಅತಿ ಹತ್ತಿರದ್ದನ್ನು ಆರಿಸಿ, ವಯಸ್ಸಿನಲ್ಲಿ ಆರು ಗಂಟೆಯ ಒಳಗೆ ಅಂತರವಿರುವ ಸಸಿಗಳನ್ನು ಮಾತ್ರ ಜೋಡಿ ಮಾಡಿದೆ. ಎಲ್ಲ ಜೋಡಿಗೂ ಇದು ಹೊಂದಲಿ ಎಂದು ಪ್ರತಿ ಖಾನೆಯಲ್ಲೂ ಎಂಟು ಬೀಜ ಹಾಕಿ, ಬಂದವುಗಳಲ್ಲಿ ಹೊರಬಂದ ಹೊತ್ತು ನೋಡಿ ಐದನ್ನು ಉಳಿಸಿಕೊಂಡೆ. ಆರಿಸುವಾಗ ಸಸಿ ಹೇಗಿದೆ ಎಂದು ನೋಡಲಿಲ್ಲ.

ಹೋಲಿಕೆಗೆ ಅಂಕ ಕೊಡುವ ಪದ್ಧತಿ ನನಗೆ ಒಗ್ಗಲಿಲ್ಲ. ಬೆಳಿಗ್ಗೆ ಆರು ಕೊಟ್ಟ ಸಸಿಗೆ ಸಂಜೆ ಎಂಟು ಕೊಡುತ್ತಿದ್ದೆ. ಎರಡು ಫೋಟೊ ಪಕ್ಕಪಕ್ಕ ಇಟ್ಟು ಒಂದನ್ನು ಆರಿಸುವುದು ಸುಲಭ, ಉತ್ತರವೂ ಸ್ಥಿರ. ಒಂದೇ ಸುತ್ತಿನಲ್ಲಿ, ಅಂದರೆ ಒಂದೇ ಸಲ ಬಿತ್ತಿ ಬೆಳೆದ ಸಸಿಗಳನ್ನು ಮಾತ್ರ ಎದುರಾಬದುರು ಇಟ್ಟೆ. ಪ್ರತಿ ಸಸಿಯೂ ಉಳಿದ ಮೂರು ಬೆಳಕುಗಳ ಒಂದೊಂದು ಸಸಿಯನ್ನು ಎದುರಿಸುವಂತೆ ಜೋಡಿಸಿದೆ. ಹೀಗೆ ಸುತ್ತಿಗೆ 30 ಜೋಡಿ. ಎಡಬಲವನ್ನು ನಾಣ್ಯ ಚಿಮ್ಮಿ ನಿರ್ಧರಿಸಿದೆ. ಫೈಲಿನ ಹೆಸರಿನಲ್ಲೇ ಖಾನೆಯ ಗುರುತು ಇತ್ತು, ಅದನ್ನು ತೆಗೆದು ಬರೀ ಸಂಖ್ಯೆ ಕೊಟ್ಟೆ. ಆಕಾರ ನೋಡುವಾಗ ಫೋಟೊ ಕಪ್ಪು-ಬಿಳುಪು ಮಾಡಿದೆ. ಹಸಿರು ನೋಡುವ ಹೋಲಿಕೆಯನ್ನು ಬೇರೆಯೇ ಇಟ್ಟೆ.

ಕೇಳುವ ಪ್ರಶ್ನೆಯನ್ನೂ ಬದಲಿಸಬೇಕಾಯಿತು. 'ಯಾವುದು ಚೆನ್ನಾಗಿ ಬೆಳೆದಿದೆ' ಎಂದು ಕೇಳಿದಾಗ ಒಬ್ಬರು ಎತ್ತರದ್ದನ್ನು ಆರಿಸಿದರು, ಇನ್ನೊಬ್ಬರು ಗಟ್ಟಿಯಾದದ್ದನ್ನು. 'ಬೀಜದೆಲೆಯ ಕೆಳಗಿನ ಕಾಂಡ ಯಾವುದರಲ್ಲಿ ಗಿಡ್ಡ ಮತ್ತು ದಪ್ಪ' ಎಂದು ಕೇಳಿದ ಮೇಲೆ ಗೊಂದಲ ನಿಂತಿತು. ನಾನೇ ಆರಿಸುವುದರಲ್ಲಿ ಇನ್ನೊಂದು ತೊಡಕಿತ್ತು: ಬಣ್ಣ ತೆಗೆದರೂ ಉದ್ದನೆಯ ತೆಳು ಕಾಂಡ ಕಂಡ ಕೂಡಲೇ 'ಇದು ಕೆಂಪಿನದು' ಎಂದು ಮನಸ್ಸು ಹೇಳುತ್ತಿತ್ತು. ನೀಲಿ ಬೆಳಕು ಅದನ್ನು ಗ್ರಹಿಸುವ ಕ್ರಿಪ್ಟೋಕ್ರೋಮ್ ಎಂಬ ಪ್ರೋಟೀನಿನ ಮೂಲಕ ಕಾಂಡ ಉದ್ದವಾಗುವುದನ್ನು ತಡೆಯುತ್ತದೆ ಎಂದು ಓದಿದವನಿಗೆ ಅದನ್ನು ಮರೆಯಲು ಆಗುವುದಿಲ್ಲ. ಆದ್ದರಿಂದ ಪ್ರಯೋಗದಲ್ಲಿ ದೀಪಗಳಿವೆ ಎಂಬುದೇ ಗೊತ್ತಿಲ್ಲದ ಇಬ್ಬರ ಕೈಗೆ ಆಯ್ಕೆ ಬಿಟ್ಟೆ. ಕೆಲವು ಜೋಡಿಗಳನ್ನು ಎಡಬಲ ತಿರುಗಿಸಿ ಮತ್ತೆ ಕೊಟ್ಟೆ. 20ರಲ್ಲಿ 17 ಸಲ ಮೊದಲಿನದೇ ಉತ್ತರ ಬಂತು. ತಪ್ಪಿದ ಮೂರೂ ನೀಲಿ ಮತ್ತು ಮಿಶ್ರಣದ ನಡುವಿನ ಜೋಡಿಗಳು.

ನಾಲ್ಕು ಸುತ್ತು ಬೆಳೆಸಿದೆ. ಪ್ರತಿ ಸುತ್ತಿನಲ್ಲೂ ದೀಪಗಳನ್ನು ಒಂದೊಂದು ಖಾನೆ ಮುಂದಕ್ಕೆ ಸರಿಸಿದೆ. ಹೀಗೆ ಪ್ರತಿ ಬೆಳಕೂ ಪ್ರತಿ ಖಾನೆಯಲ್ಲಿ, ಪ್ರತಿ ಕ್ಯಾಮೆರಾದ ಮುಂದೆ ಒಂದು ಸಲ ಬಂತು. ಒಂದು ಖಾನೆ ಉಳಿದವುಗಳಿಗಿಂತ ಒಂದು ಡಿಗ್ರಿ ಬೆಚ್ಚಗಿರುತ್ತಿತ್ತು. ಅದರ ಲಾಭವೋ ನಷ್ಟವೋ ಒಂದೇ ಬೆಳಕಿನ ಪಾಲಿಗೆ ಬೀಳಲಿಲ್ಲ.

ಒಟ್ಟು 120 ಜೋಡಿಗಳಲ್ಲಿ ಮಿಶ್ರಣ 45 ಸಲ ಗೆದ್ದಿತು, ನೀಲಿ 38, ಬಿಳಿ 28, ಕೆಂಪು 9. ಇಷ್ಟನ್ನೇ ನೋಡಿದರೆ ಮಿಶ್ರಣ ಮೊದಲು, ನೀಲಿ ಎರಡನೆಯದು. ಆದರೆ ಒಂದು ಖಾನೆಯ ಐದು ಸಸಿಗಳು ಒಂದೇ ದೀಪ, ಒಂದೇ ತೇವ, ಒಂದೇ ಬಿಸಿಯಲ್ಲಿ ಬೆಳೆದ ಒಡಹುಟ್ಟುಗಳು. ಅವನ್ನು ಐದು ಬೇರೆ ಬೇರೆ ಸಾಕ್ಷಿ ಎಂದು ಎಣಿಸುವ ಹಾಗಿಲ್ಲ. ಒಂದೇ ಸಸಿಯ ಮುನ್ನೂರು ಫ್ರೇಮುಗಳಂತೂ ಒಂದೇ ಸಾಕ್ಷಿ. ನನ್ನ ಹತ್ತಿರ ನಿಜವಾಗಿ ಇದ್ದದ್ದು ನಾಲ್ಕು ಸುತ್ತು. ಸುತ್ತು ಸುತ್ತಾಗಿ ಬಿಡಿಸಿ ನೋಡಿದಾಗ ಕೆಂಪು ನಾಲ್ಕರಲ್ಲೂ ಕೊನೆ, ಬಿಳಿ ನಾಲ್ಕರಲ್ಲೂ ಮೂರನೆಯದು. ಮಿಶ್ರಣ ನೀಲಿಗಿಂತ ಮುಂದಿದ್ದದ್ದು ಎರಡು ಸುತ್ತಿನಲ್ಲಿ, ಹಿಂದಿದ್ದದ್ದು ಎರಡರಲ್ಲಿ. ಮೊದಲ ಸುತ್ತಿನ ದೊಡ್ಡ ಗೆಲುವೊಂದೇ ಒಟ್ಟು ಮೊತ್ತವನ್ನು ಅದರ ಕಡೆ ಎಳೆದಿತ್ತು.

ಕೊನೆಗೆ ಅದೇ ಫೋಟೊಗಳಲ್ಲಿ ಸ್ಕೇಲ್ ನೋಡಿ ಕಾಂಡದ ಉದ್ದ ಅಳೆದೆ. ಕೆಂಪು ಮತ್ತು ಬಿಳಿಯ ಜಾಗ ಕಣ್ಣಿನ ಶ್ರೇಯಾಂಕಕ್ಕೆ ಸರಿಹೊಂದಿತು, ನೀಲಿ ಮತ್ತು ಮಿಶ್ರಣದ ಅಳತೆಗಳು ಒಂದರ ಮೇಲೊಂದು ಬಿದ್ದವು. ಪಟ್ಟಿಯಲ್ಲಿ ಆ ಎರಡಕ್ಕೂ ಒಂದೇ ಸ್ಥಾನ ಬರೆದೆ. ಮೇಲೆ ತಲೆಬರಹವಾಗಿ ಮೂಲಂಗಿ, 100 ಮೈಕ್ರೋಮೋಲ್, ಹೊರಬಂದ ಐದನೇ ದಿನ ಎಂದು ಹಾಕಿದೆ.