ಪೆನ್‌ಡ್ರೈವ್‌ನಲ್ಲಿ 1 ಆದ ಮೇಲೆ 10 ಬರುತ್ತಿದೆಯಾ? ಟ್ಯಾಗ್ ನೋಡಿ ಫೈಲಿಗೆ ಹೆಸರಿಡಿ

ಸಿನಿಮಾ ಹಾಡುಗಳು ಹಿಂದೆ ಮುಂದೆ ಆದರೆ ಅಂಥ ನಷ್ಟವೇನಿಲ್ಲ. ಹರಿಕಥೆ, ತಾಳಮದ್ದಳೆ, ಪ್ರವಚನ ಹಾಗಲ್ಲ. ಒಂದು ಭಾಗ ಆಚೀಚೆ ಆದರೂ ಕಥೆಯೇ ಕೆಡುತ್ತದೆ.

ಉದಾಹರಣೆಗೆ ಧ್ರುವ ಚರಿತ್ರೆಯ ಒಂದು ಹರಿಕಥೆ ಎರಡು ಸಿಡಿಯಲ್ಲಿ ಇದೆ ಅಂದುಕೊಳ್ಳಿ. ಮೊದಲ ಸಿಡಿಯಲ್ಲಿ 14 ಭಾಗ, ಎರಡನೆಯದರಲ್ಲಿ 11. ಎಲ್ಲವನ್ನೂ ಎಂಪಿತ್ರೀ ಮಾಡಿ ಕಾರಿನ ಸ್ಟೀರಿಯೋಗೆ ಹಾಕಿದ್ದೀರಿ. `1 ಪ್ರಾರ್ಥನೆ` ಮುಗಿದ ತಕ್ಷಣ `10 ನಾರದರ ಭೇಟಿ` ಶುರುವಾಗುತ್ತದೆ. ಸುರುಚಿ ಇನ್ನೂ ಮಗುವನ್ನು ತಂದೆಯ ತೊಡೆಯಿಂದ ಇಳಿಸಿಯೇ ಇಲ್ಲ, ಅಷ್ಟರಲ್ಲೇ ಧ್ರುವ ಕಾಡಿನ ದಾರಿಯಲ್ಲಿರುತ್ತಾನೆ!

ಹೀಗೇಕೆ ಆಗುತ್ತದೆ? ಹೆಚ್ಚಿನ ಸ್ಟೀರಿಯೋಗಳು ಹೆಸರನ್ನು ಒಂದೊಂದೇ ಅಕ್ಷರವಾಗಿ ಹೋಲಿಸುತ್ತವೆ. 10 ಮತ್ತು 2 ಎದುರಾದಾಗ ಮೊದಲು ನೋಡುವುದು 1 ಮತ್ತು 2 ಮಾತ್ರ. 1 ಚಿಕ್ಕದು, ಹಾಗಾಗಿ 10, 11, 12, 13, 14 ಎಲ್ಲವೂ 2ಕ್ಕಿಂತ ಮುಂದೆ ಬರುತ್ತವೆ. 2ರ ಬದಲು 02 ಎಂದಿದ್ದರೆ ಈ ತೊಂದರೆ ಇಲ್ಲ. ವಿಂಡೋಸ್‌ನ ಫೋಲ್ಡರ್ ಕಿಟಕಿಯಲ್ಲಿ ಮಾತ್ರ ಇದು ಕಾಣುವುದಿಲ್ಲ. ಅದು ಅಂಕಿಯನ್ನು ಅಂಕಿಯಾಗಿಯೇ ಓದಿ 1, 2, 3 ಎಂದು ಸರಿಯಾಗಿ ಜೋಡಿಸಿ ತೋರಿಸುತ್ತದೆ. ಅದಕ್ಕೇ ಕಂಪ್ಯೂಟರ್‌ನಲ್ಲಿ ಸರಿ ಕಂಡದ್ದು ಕಾರಿನಲ್ಲಿ ತಪ್ಪುತ್ತದೆ. ಸ್ಟೀರಿಯೋ ಕಣ್ಣಿನಿಂದ ನೋಡಬೇಕಾದರೆ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಕೊಡಿ:

```
dir /b /on D:\Harikathe\Dhruva
```

ಇಲ್ಲಿ 1ರ ಕೆಳಗೆ 10 ಕಂಡರೆ ಹೆಸರು ಬದಲಿಸಲೇಬೇಕು. ಕನ್ನಡ ಅಕ್ಷರಗಳು ಈ ಕಿಟಕಿಯಲ್ಲಿ ಚೌಕಗಳಾಗಿ ಕಂಡರೆ ಚಿಂತೆ ಬೇಡ, ಮುಂದಿನ ಅಂಕಿ ಕಂಡರೆ ಸಾಕು.

ಇಪ್ಪತ್ತೈದು ಫೈಲಿಗೂ ಕೈಯಲ್ಲಿ ಸೊನ್ನೆ ಸೇರಿಸಬೇಕಾಗಿಲ್ಲ. ಪ್ರತಿ ಎಂಪಿತ್ರೀ ಫೈಲಿನ ಒಳಗೂ ಟ್ಯಾಗ್ ಬರೆಯಲು ಜಾಗವಿದೆ. ಶೀರ್ಷಿಕೆ, ಆಲ್ಬಂ, ಟ್ರ್ಯಾಕ್ ಸಂಖ್ಯೆ, ಎಷ್ಟನೇ ಸಿಡಿ ಎಲ್ಲ ಅಲ್ಲಿರುತ್ತದೆ. ಅದನ್ನು ಓದಿ ಹೆಸರಿಡುವ ಕೆಲಸವನ್ನು Mp3tag ಎಂಬ ತಂತ್ರಾಂಶ ಮಾಡುತ್ತದೆ. ವಿಂಡೋಸ್‌ಗೆ ಇದು ಉಚಿತ.

ಮೊದಲು ಇಡೀ ಫೋಲ್ಡರಿನ ಒಂದು ಪ್ರತಿ ಬೇರೆಡೆ ಇಟ್ಟುಕೊಳ್ಳಿ. ಕೆಲಸವನ್ನು ಕಂಪ್ಯೂಟರಿನ ಡಿಸ್ಕ್‌ನಲ್ಲೇ ಮಾಡಿ, ಪೆನ್‌ಡ್ರೈವ್‌ನಲ್ಲಿ ಬೇಡ. ಕಾರಣ ಕೊನೆಯಲ್ಲಿ ಹೇಳುತ್ತೇನೆ.

Mp3tag ತೆರೆದು ಫೋಲ್ಡರನ್ನು ಅದರೊಳಗೆ ಎಳೆದು ಬಿಡಿ. ಫೈಲುಗಳ ಪಟ್ಟಿ ಬರುತ್ತದೆ. ಈಗ ಆತುರ ಬೇಡ, Track ಮತ್ತು Title ಕಾಲಂಗಳನ್ನು ಮೇಲಿಂದ ಕೆಳಗೆ ಒಮ್ಮೆ ಓದಿ. ಹೆಸರು ಹುಟ್ಟುವುದು ಟ್ಯಾಗ್‌ನಿಂದ, ಟ್ಯಾಗ್ ತಪ್ಪಿದ್ದರೆ ಹೆಸರೂ ತಪ್ಪು. ಟ್ರ್ಯಾಕ್ ಸಂಖ್ಯೆ ಕೆಲವು ಕಡೆ `1`, ಕೆಲವು ಕಡೆ `1/14` ಎಂದಿರಬಹುದು. ಎರಡೂ ನಡೆಯುತ್ತದೆ. ಆದರೆ ಕನ್ನಡ ಅಂಕಿ ಬಳಸಬೇಡಿ, 1, 2, 3 ಎಂದೇ ಇರಲಿ.

ಕ್ಯಾಸೆಟ್‌ನಿಂದ ಇಳಿಸಿಕೊಂಡ ಫೈಲುಗಳಲ್ಲಿ ಟ್ಯಾಗ್ ಖಾಲಿ ಇರುವುದೇ ಜಾಸ್ತಿ. ಹೆಸರಿನಲ್ಲಿ ಅಂಕಿ ಇದ್ದರೆ ಅದನ್ನೇ ಟ್ಯಾಗ್‌ಗೆ ತುಂಬಬಹುದು. ಎಲ್ಲ ಫೈಲು ಆರಿಸಿ Alt+2 ಒತ್ತಿ, ಈಗಿನ ಹೆಸರು ಯಾವ ರೀತಿ ಇದೆಯೋ ಹಾಗೆ ಮಾದರಿ ಕೊಡಿ. `1 ಪ್ರಾರ್ಥನೆ` ಎಂಬ ಹೆಸರಿಗೆ ಮಾದರಿ ಇದು:

```
%track% %title%
```

ಅಂಕಿಯ ನಂತರ ಚುಕ್ಕಿಯೋ ಗೆರೆಯೋ ಇದ್ದರೆ ಮಾದರಿಯಲ್ಲೂ ಅದನ್ನು ಹಾಕಬೇಕು. Ctrl+K ಒತ್ತಿ ಸಾಲಾಗಿ ಸಂಖ್ಯೆ ಕೊಡುವ ದಾರಿಯೂ ಇದೆ. ಆದರೆ ಅದು ಪಟ್ಟಿ ಕಂಡ ಕ್ರಮದಲ್ಲೇ 1, 2, 3 ಹಾಕುತ್ತಾ ಹೋಗುತ್ತದೆ. ಪಟ್ಟಿಯ ಕ್ರಮವೇ ತಪ್ಪಿದ್ದರೆ ಆ ತಪ್ಪು ಟ್ಯಾಗ್‌ನೊಳಗೂ ಸೇರಿಬಿಡುತ್ತದೆ. ಹೆಸರಿನಲ್ಲಿ ಅಂಕಿ ಇರುವಾಗ ಇದರ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಈಗ ಎರಡು ಸಿಡಿಯ ವಿಷಯ. ನಿಜವಾದ ಗೋಜಲು ಇರುವುದು ಇಲ್ಲೇ. ಎರಡನೇ ಸಿಡಿಯಲ್ಲೂ ಸಂಖ್ಯೆ 1ರಿಂದಲೇ ಶುರುವಾಗುತ್ತದೆ. ಬರೀ ಟ್ರ್ಯಾಕ್ ಸಂಖ್ಯೆ ಹಾಕಿ ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿಟ್ಟರೆ `01 ಪ್ರಾರ್ಥನೆ` ಪಕ್ಕದಲ್ಲೇ `01 ಮಧುವನ` ಬಂದು ಕೂರುತ್ತದೆ. ಸೊನ್ನೆ ಸರಿಯಾಗಿದೆ, ಆದರೂ ಕಥೆ ಕಲಸಿಹೋಗಿದೆ. ಹಾಗಾಗಿ ಮೊದಲ ಸಿಡಿಯ ಫೈಲುಗಳನ್ನೆಲ್ಲ ಆರಿಸಿ, ಎಡಗಡೆಯ Discnumber ಜಾಗದಲ್ಲಿ 1 ಎಂದು ಬರೆದು Ctrl+S ಒತ್ತಿ. ಎರಡನೆಯದಕ್ಕೆ ಇದೇ ರೀತಿ 2 ಕೊಡಿ.

ಆಮೇಲೆ ಎಲ್ಲವನ್ನೂ ಆರಿಸಿ Alt+1 ಒತ್ತಿ. ಬರುವ ಕಿಟಕಿಯಲ್ಲಿ ಈ ಸಾಲು ಹಾಕಿ:

```
$num(%discnumber%,1)$num(%track%,2) %title%
```

`$num` ಎಂಬುದು ಅಂಕಿಯನ್ನು ಕೇಳಿದಷ್ಟು ಅಗಲಕ್ಕೆ ತರುತ್ತದೆ, ಕಡಿಮೆ ಬಿದ್ದ ಕಡೆ ಮುಂದೆ ಸೊನ್ನೆ ತುಂಬುತ್ತದೆ. `1/14` ಎಂದಿದ್ದರೂ 01 ಎಂದೇ ತೆಗೆದುಕೊಳ್ಳುತ್ತದೆ. ಹಾಗಾಗಿ ಮೊದಲ ಸಿಡಿಯದು `101 ಪ್ರಾರ್ಥನೆ`ಯಿಂದ ಶುರುವಾಗುತ್ತದೆ, ನಾರದರ ಭೇಟಿ 110 ಆಗುತ್ತದೆ. ಎರಡನೇ ಸಿಡಿ `201 ಮಧುವನ`ದಿಂದ ಹೊರಟು `211 ಮಂಗಳ`ಕ್ಕೆ ಮುಗಿಯುತ್ತದೆ. ಒಂದೇ ಸಿಡಿಯಾಗಿದ್ದರೆ ಮೊದಲ ತುಂಡು ಬೇಡ. ನೂರಕ್ಕಿಂತ ಜಾಸ್ತಿ ಭಾಗಗಳಿರುವ ಪ್ರವಚನ ಮಾಲೆಯಾದರೆ ಟ್ರ್ಯಾಕ್‌ನ 2ರ ಬದಲು 3 ಕೊಡಿ.

OK ಒತ್ತುವ ಮುಂಚೆ, ಹೊಸ ಹೆಸರು ಹೇಗಿರುತ್ತದೆ ಎಂದು ಅದೇ ಕಿಟಕಿಯ ಕೆಳಗೆ ಒಂದು ಮಾದರಿ ಕಾಣುತ್ತದೆ. ಅದನ್ನು ನೋಡಿಯೇ ಮುಂದುವರಿಯಿರಿ. ಅಂಕಿಯ ಕೊನೆಗೆ 00 ಬಂದಿದ್ದರೆ ಟ್ರ್ಯಾಕ್ ಟ್ಯಾಗ್ ಖಾಲಿ ಇದೆ ಎಂದರ್ಥ. ಶೀರ್ಷಿಕೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಅಥವಾ ಕೋಲನ್ ಇದ್ದರೆ ಹೆಸರಿನಲ್ಲಿ ಅದು ಉಳಿಯುವುದಿಲ್ಲ, ಏಕೆಂದರೆ ಫೈಲಿನ ಹೆಸರಿನಲ್ಲಿ ವಿಂಡೋಸ್ ಅವನ್ನು ಬಿಡುವುದಿಲ್ಲ. ಟ್ಯಾಗ್‌ನಲ್ಲಿ ಮಾತ್ರ ಇದ್ದ ಹಾಗೇ ಇರುತ್ತದೆ. ಹೆಸರು ಬದಲಾದ ಮೇಲೆ ಇಷ್ಟವಾಗದಿದ್ದರೆ ಕೂಡಲೇ Ctrl+Z ಒತ್ತಿ ಹಿಂದಕ್ಕೆ ಬರಬಹುದು. ಹಳೆಯ ಪ್ಲೇಲಿಸ್ಟ್ ಇದ್ದರೆ ಅದು ಹಳೆಯ ಹೆಸರನ್ನೇ ಹುಡುಕುತ್ತದೆ, ಹಾಗಾಗಿ ಹೊಸದಾಗಿ ಮಾಡಿಕೊಳ್ಳಬೇಕು.

ಇಷ್ಟೆಲ್ಲ ಮಾಡಿದರೂ ಕೆಲವು ಸ್ಟೀರಿಯೋಗಳಲ್ಲಿ ಕ್ರಮ ತಪ್ಪುತ್ತದೆ. ಅವು ಹೆಸರನ್ನು ನೋಡುವುದೇ ಇಲ್ಲ. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ FAT32 ಬಗೆಯಲ್ಲಿ, ಫೋಲ್ಡರಿನೊಳಗೆ ಒಂದು ಪಟ್ಟಿ ಇರುತ್ತದೆ. ಯಾವ ಫೈಲು ಮೊದಲು ಬಂತೋ ಅದು ಮೇಲೆ. ಈ ಸ್ಟೀರಿಯೋಗಳು ಆ ಪಟ್ಟಿಯನ್ನೇ ಮೇಲಿಂದ ಕೆಳಗೆ ನುಡಿಸುತ್ತವೆ. ಪೆನ್‌ಡ್ರೈವ್‌ನಲ್ಲೇ ಹೆಸರು ಬದಲಿಸಿದರೆ ಪಟ್ಟಿಯ ಕ್ರಮ ಸರಿಹೋಗುವುದಿಲ್ಲ. ಕಂಪ್ಯೂಟರಿನ ಡಿಸ್ಕ್‌ನಲ್ಲೇ ಕೆಲಸ ಮಾಡಿ ಎಂದದ್ದು ಇದಕ್ಕೇ.

ಪೆನ್‌ಡ್ರೈವ್‌ನಲ್ಲಿದ್ದ ಹಳೆಯ ಫೋಲ್ಡರನ್ನು ಅಳಿಸಿ, ಹೊಸದಾಗಿ ತುಂಬಿ. E ಜಾಗದಲ್ಲಿ ನಿಮ್ಮ ಪೆನ್‌ಡ್ರೈವ್‌ನ ಅಕ್ಷರ ಇರಲಿ:

```
xcopy D:\Harikathe\Dhruva E:\Dhruva /i
```

ಕಂಪ್ಯೂಟರಿನ ಡಿಸ್ಕ್ ಸಾಮಾನ್ಯವಾಗಿ NTFS ಬಗೆಯದು, ಅದು ಫೈಲುಗಳನ್ನು ಹೆಸರಿನ ಕ್ರಮದಲ್ಲೇ ಒಪ್ಪಿಸುತ್ತದೆ. ಹಾಗಾಗಿ 101 ಮೊದಲು, 102 ಆಮೇಲೆ ಎಂದು ಸಾಲಾಗಿ ಹೋಗಿ ಬೀಳುತ್ತವೆ. ಎಳೆದು ಬಿಟ್ಟು ಕಾಪಿ ಮಾಡಿದರೆ ಈ ಕ್ರಮ ಉಳಿಯುತ್ತದೆ ಎಂಬ ಭರವಸೆ ಇಲ್ಲ. ಕೊನೆಗೆ `/on` ಇಲ್ಲದೆ ಒಮ್ಮೆ ನೋಡಿಕೊಳ್ಳಿ:

```
dir /b E:\Dhruva
```

ಇದು ಜೋಡಿಸದೆ, ಪೆನ್‌ಡ್ರೈವ್‌ನ ಪಟ್ಟಿಯಲ್ಲಿ ಇದ್ದ ಹಾಗೇ ತೋರಿಸುತ್ತದೆ. ಇಲ್ಲಿ 101ರಿಂದ 211ರವರೆಗೆ ಸಾಲಾಗಿ ಬಂದರೆ ಎರಡೂ ಬಗೆಯ ಸ್ಟೀರಿಯೋದಲ್ಲಿ ಹರಿಕಥೆ ಕ್ರಮವಾಗಿ ಕೇಳುತ್ತದೆ. ಫೋನಿನ ಆ್ಯಪ್‌ಗಳು ಹೆಚ್ಚಾಗಿ ಟ್ಯಾಗ್ ನೋಡಿಯೇ ಜೋಡಿಸುವುದರಿಂದ, ಅಲ್ಲಿಗೆ ನೀವು ಸರಿಪಡಿಸಿದ ಟ್ಯಾಗ್‌ಗಳೇ ಸಾಕು.